ಮನೆಯಲ್ಲೇ ಮಾಡಿ ಕಳಿಸುವ ಅಸೈನ್‌ಮೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನೇಮಕಾತಿಯಲ್ಲಿ ಅಭ್ಯರ್ಥಿಗೆ ಒಂದು ಚಿಕ್ಕ ಕೆಲಸ ಕೊಟ್ಟು, ಮನೆಯಲ್ಲಿ ಮಾಡಿ ಕಳಿಸಲು ಹೇಳುವ ಕ್ರಮದ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಉತ್ತರಗಳು ಗಾಳಿಯಲ್ಲಿ ತೇಲಬಾರದೆಂದು ಉದ್ದಕ್ಕೂ ಒಂದೇ ಉದಾಹರಣೆ ಬಳಸಿದ್ದೇವೆ: ಡೇಟಾ ಅನಲಿಸ್ಟ್ ಹುದ್ದೆಗೆ ಕೊಡುವ ಒಂದು ಸ್ಪ್ರೆಡ್‌ಶೀಟ್ ಕೆಲಸ.

## ಶುರುವಿನ ಪ್ರಶ್ನೆಗಳು

ಅಸೈನ್‌ಮೆಂಟ್‌ನಲ್ಲಿ ಏನು ಕೇಳಬೇಕು ಅಂತಲೇ ಗೊತ್ತಾಗ್ತಿಲ್ಲ. ಎಲ್ಲಿಂದ ಶುರು ಮಾಡೋದು?

ಆ ಹುದ್ದೆಯಲ್ಲಿರುವವರು ಮೊದಲ ಮೂರು ತಿಂಗಳಲ್ಲಿ ಏನೇನು ಮಾಡುತ್ತಾರೆ ಎಂದು ಪಟ್ಟಿ ಮಾಡಿ. ಅದರಲ್ಲಿ ಎರಡು ಬಗೆಯವನ್ನು ಹೊಡೆದುಹಾಕಿ. ಸೇರಿದ ಮೇಲೆ ಒಂದು ವಾರದಲ್ಲಿ ಕಲಿಸಬಹುದಾದದ್ದು ಒಂದು, ಸಂದರ್ಶನದಲ್ಲಿ ಮಾತಾಡಿದರೇ ತಿಳಿಯುವಂಥದ್ದು ಇನ್ನೊಂದು. ಉಳಿದವುಗಳಲ್ಲಿ ಯಾವುದು ತಪ್ಪಿದರೆ ಹೆಚ್ಚು ನಷ್ಟವೋ ಅದೇ ನಿಮ್ಮ ಅಸೈನ್‌ಮೆಂಟ್. ಒಂದು ಸಾಕು. ಮೂರು ಕೌಶಲ ಅಳೆಯಲು ಮೂರು ಕೆಲಸ ಕೊಟ್ಟರೆ ಸಮಯ ಮೂರುಪಟ್ಟಾಗುತ್ತದೆ, ಆದರೆ ಕೊನೆಗೆ ತೀರ್ಮಾನ ನಿಲ್ಲುವುದು ಸಾಮಾನ್ಯವಾಗಿ ಒಂದರ ಮೇಲೆಯೇ.

ನಮ್ಮ ಉದಾಹರಣೆಯಲ್ಲಿ ಹಾಗೆ ಉಳಿದದ್ದು ಇದು: ಕೈಗೆ ಬಂದ ಡೇಟಾವನ್ನು ನಂಬುವ ಮೊದಲು ಪರಿಶೀಲಿಸುವುದು, ಆಮೇಲೆ ತೀರ್ಮಾನವನ್ನು ತಾಂತ್ರಿಕ ಹಿನ್ನೆಲೆ ಇಲ್ಲದ ಮ್ಯಾನೇಜರ್‌ಗೆ ಅರ್ಥವಾಗುವಂತೆ ಬರೆಯುವುದು.

ಹಾಗಾದ್ರೆ ಆ ಅಸೈನ್‌ಮೆಂಟ್ ನೋಡೋಕೆ ಹೇಗಿರುತ್ತೆ? ಪೂರ್ತಿ ಒಂದು ತೋರಿಸಿ.

ಅಭ್ಯರ್ಥಿಗೆ 600 ಸಾಲುಗಳ ಒಂದು ಆರ್ಡರ್ ಫೈಲ್ ಹೋಗುತ್ತದೆ. ನಾಲ್ಕು ಶಾಖೆಗಳು, ಹೆಸರು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ತಲಾ 150 ಸಾಲು. ಕಾಲಂಗಳು ಆರು: ಆರ್ಡರ್ ಸಂಖ್ಯೆ, ದಿನಾಂಕ, ಶಾಖೆ, ಮೊತ್ತ, ವಾಪಸ್ ಬಂದಿದೆಯೇ, ವಾಪಸಿಗೆ ಕಾರಣ. ಪ್ರಶ್ನೆ ಒಂದೇ: "ಯಾವ ಶಾಖೆಯ ವಾಪಸಾತಿಯನ್ನು ನಾವು ಮೊದಲು ಸರಿಪಡಿಸಬೇಕು, ಏಕೆ? ಮ್ಯಾನೇಜರ್‌ಗೆ 300 ಪದ ಮೀರದ ಟಿಪ್ಪಣಿ ಬರೆಯಿರಿ. ಲೆಕ್ಕ ಮಾಡಿದ ಶೀಟನ್ನೂ ಜೊತೆಗಿಡಿ."

ಫೈಲನ್ನು ಹಾಗೇ ಲೆಕ್ಕ ಹಾಕಿದರೆ ಉತ್ತರ ಶಾಖೆಯಲ್ಲಿ 150ಕ್ಕೆ 33 ವಾಪಸ್, ಅಂದರೆ ಶೇ 22. ಕಣ್ಣಿಗೆ ಮೊದಲು ಬೀಳುವುದೇ ಅದು. ಆದರೆ ಆ 33ರಲ್ಲಿ 18 ಸಾಲು ಡೂಪ್ಲಿಕೇಟ್. ಆರ್ಡರ್ ಸಂಖ್ಯೆಯಿಂದ ಕಾರಣದವರೆಗೆ ಆರೂ ಕಾಲಂ ಅಕ್ಷರಶಃ ಒಂದೇ. ಅವನ್ನು ತೆಗೆದರೆ 132ಕ್ಕೆ 15, ಸುಮಾರು ಶೇ 11.4. ಆಗ ಮೊದಲಿಗೆ ಬರುವುದು ದಕ್ಷಿಣ: 150ಕ್ಕೆ 24, ಶೇ 16. ಪಶ್ಚಿಮ ಶೇ 12, ಪೂರ್ವ ಶೇ 10. ದಕ್ಷಿಣದ 24 ವಾಪಸುಗಳಲ್ಲಿ 15ಕ್ಕೆ ಕಾರಣ "ಪ್ಯಾಕಿಂಗ್ ಹಾಳಾಗಿತ್ತು" ಎಂದಿದೆ.

ಪರಿಶೀಲಿಸದವರಿಗೂ ಪರಿಶೀಲಿಸಿದವರಿಗೂ ಬೇರೆ ಬೇರೆ ಶಾಖೆ ಸಿಗುವಂತೆ ಕಟ್ಟಿರುವುದೇ ಇದರ ಜೀವಾಳ. ಡೂಪ್ಲಿಕೇಟ್ ತೆಗೆದರೂ ಬಿಟ್ಟರೂ ಸಿಗುವ ಶಾಖೆ ಒಂದೇ ಆಗಿದ್ದರೆ, ನಾವು ಅಳೆಯಬೇಕೆಂದ ಗುಣ ಫಲಿತಾಂಶದಲ್ಲಿ ಕಾಣುವುದೇ ಇಲ್ಲ.

ಡೇಟಾದಲ್ಲಿ ಬೇಕಂತ ತಪ್ಪು ಇಡೋದು ಮೋಸ ಅಲ್ವಾ?

ಫೈಲ್ ಒಳಗೇ ಕಂಡುಹಿಡಿದು, ಫೈಲ್ ಒಳಗೇ ಬಗೆಹರಿಸಲು ಆಗುವ ತಪ್ಪಾದರೆ ಮೋಸವಲ್ಲ. ದಿನನಿತ್ಯದ ಡೇಟಾ ಹಾಗೆಯೇ ಇರುತ್ತದೆ. ಬಗೆಹರಿಸಲು ದಾರಿಯೇ ಇಲ್ಲದ ತಪ್ಪು ಮಾತ್ರ ಅನ್ಯಾಯ. ದಿನಾಂಕದ ಕಾಲಂ ನೋಡಿ. 03/04 ಎಂದಿದ್ದರೆ ಏಪ್ರಿಲ್ 3 ಎನ್ನಬಹುದು, ಮಾರ್ಚ್ 4 ಎಂದೂ ಎನ್ನಬಹುದು. ಕಚೇರಿಯಲ್ಲಾದರೆ ಪಕ್ಕದವರನ್ನು ಕೇಳಿದರೆ ಮುಗಿಯಿತು, ಮನೆಯಲ್ಲಿ ಕೂತ ಅಭ್ಯರ್ಥಿ ಊಹಿಸಬೇಕು. ಅಲ್ಲಿ ಅಳೆಯುವುದು ಕೌಶಲವನ್ನಲ್ಲ, ಅದೃಷ್ಟವನ್ನು. ಆದ್ದರಿಂದ ದಿನಾಂಕಗಳನ್ನು 2024-04-03 ಎಂಬ ಒಂದೇ ರೂಪದಲ್ಲಿ ಕೊಡಿ, ಪ್ರತಿ ಕಾಲಂನ ಅರ್ಥವನ್ನೂ ಸೂಚನೆಯಲ್ಲಿ ಬರೆಯಿರಿ. "ಒಂದು ಸಾಲು ಎಂದರೆ ಒಂದು ಆರ್ಡರ್" ಎಂಬ ವಾಕ್ಯ ಸೂಚನೆಯಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಡೂಪ್ಲಿಕೇಟ್ ತಪ್ಪೋ ಸರಿಯೋ ಎಂದು ಹೇಳಲು ಅಭ್ಯರ್ಥಿಗೆ ಆಧಾರವೇ ಇರುವುದಿಲ್ಲ.

ನಮ್ಮ ನಿಜವಾದ ಕೆಲಸವನ್ನೇ ಕೊಟ್ಟರೆ ಆಗಲ್ವಾ? ಇಬ್ಬರಿಗೂ ಅನುಕೂಲ.

ಬೇಡ. ಕೆಲಸಕ್ಕೆ ಇನ್ನೂ ಸೇರದವರಿಂದ ಪುಕ್ಕಟೆ ದುಡಿಸಿಕೊಂಡಂತಾಗುತ್ತದೆ, ಅಭ್ಯರ್ಥಿಗಳಿಗೂ ಅದು ತಕ್ಷಣ ತಿಳಿಯುತ್ತದೆ. ಅಳತೆಗೂ ಅದು ಒದಗುವುದಿಲ್ಲ: ನಿಜವಾದ ಡೇಟಾದ ಸರಿಯುತ್ತರ ನಿಮಗೇ ಗೊತ್ತಿರುವುದಿಲ್ಲ, ಹಾಗಾಗಿ ಅಂಕ ಕೊಡಲು ನೆಲೆ ಇರುವುದಿಲ್ಲ. ಗ್ರಾಹಕರ ಖಾಸಗಿ ವಿವರ ಹೊರಹೋಗುವ ಭಯ ಬೇರೆ. ಕಟ್ಟಿದ ಡೇಟಾ ಕೊಡಿ, "ಇದು ಕಟ್ಟಿದ ಡೇಟಾ, ನಿಮ್ಮ ಉತ್ತರವನ್ನು ಆಯ್ಕೆಗಲ್ಲದೆ ಬೇರೆ ಯಾವುದಕ್ಕೂ ಬಳಸುವುದಿಲ್ಲ" ಎಂದು ಸೂಚನೆಯಲ್ಲೇ ಬರೆಯಿರಿ.

ಇದನ್ನ ಯಾವ ಹಂತದಲ್ಲಿ ಕೊಡಬೇಕು? ಅರ್ಜಿ ಹಾಕಿದವರಿಗೆಲ್ಲ ಕಳಿಸಿಬಿಡಲಾ?

ಇಲ್ಲ. ಅರ್ಜಿ ನೋಡಿ, ಅರ್ಧ ಗಂಟೆ ಮಾತಾಡಿ, ಸಂಬಳ ಮತ್ತು ಕೆಲಸದ ಸ್ವರೂಪ ಇಬ್ಬರಿಗೂ ಒಪ್ಪಿಗೆಯಾದ ಮೇಲೆ ಕೊಡಿ. ಒಂದು ಹುದ್ದೆಗೆ ಐದಾರು ಜನ ಸಾಕು. ನೂರು ಜನಕ್ಕೆ ಎರಡೆರಡು ಗಂಟೆಯ ಕೆಲಸ ಕೊಟ್ಟರೆ ಜನರ ಇನ್ನೂರು ಗಂಟೆ ಹೋಗುತ್ತದೆ, ನೂರು ಉತ್ತರವನ್ನು ಗಮನವಿಟ್ಟು ಓದಲು ನಿಮಗೂ ಆಗುವುದಿಲ್ಲ.

## ಸಮಯದ ಲೆಕ್ಕ

ಎರಡು ಗಂಟೆ ಸಾಕು ಅಂತ ನಮಗೆ ಅನ್ಸುತ್ತೆ, ಆದರೆ ಅಭ್ಯರ್ಥಿಗಳು ಆರು ಗಂಟೆ ಆಯ್ತು ಅಂತಾರೆ. ಯಾಕೆ?

ಬರೆದವರೇ ಅಂದಾಜು ಮಾಡಿರುವುದರಿಂದ. ಪ್ರಶ್ನೆ ಕಟ್ಟಿದವರಿಗೆ ಉತ್ತರ ಗೊತ್ತು, ಡೂಪ್ಲಿಕೇಟ್ ಎಲ್ಲಿದೆ ಎಂಬುದೂ ಗೊತ್ತು. ಫೈಲ್ ತೆರೆದು ಕಾಲಂಗಳ ಅರ್ಥ ಹಿಡಿಯುವ, ತಾನು ಸರಿಯಾಗಿ ಓದಿಕೊಂಡೆನೇ ಎಂದು ಅನುಮಾನಿಸುವ ಹೊತ್ತು ಅವರ ಲೆಕ್ಕಕ್ಕೆ ಸಿಗುವುದಿಲ್ಲ.

ಅಂದಾಜು ಬಿಟ್ಟು ಅಳೆಯಿರಿ. ಈಗಾಗಲೇ ಅದೇ ಹುದ್ದೆಯಲ್ಲಿರುವ, ಆದರೆ ಈ ಪ್ರಶ್ನೆಯನ್ನು ಕಂಡಿರದ ಮೂವರಿಗೆ ಕೊಡಿ. ಅಭ್ಯರ್ಥಿಗೆ ಹೋಗುವ ಇಮೇಲನ್ನೇ ಅವರಿಗೂ ಕಳಿಸಿ, ಬಾಯಲ್ಲಿ ಏನೂ ವಿವರಿಸಬೇಡಿ. ಇಮೇಲ್ ತೆರೆದ ಕ್ಷಣದಿಂದ ಉತ್ತರ ಕಳಿಸುವವರೆಗೆ ಹೊತ್ತು ನೋಡಿಕೊಳ್ಳಲಿ. ಮೂವರಿಗೆ 45, 50, 70 ನಿಮಿಷ ಹಿಡಿಯಿತು ಎಂದುಕೊಳ್ಳಿ. ಸರಾಸರಿ ತೆಗೆಯಬೇಡಿ, ಹೆಚ್ಚು ಹೊತ್ತು ತೆಗೆದುಕೊಂಡವರ 70 ನಿಮಿಷ ಹಿಡಿದು ಒಂದೂವರೆಪಟ್ಟು ಮಾಡಿ. 105 ನಿಮಿಷ ಬರುತ್ತದೆ. ಒಳಗಿನವರಿಗೆ ಪಣಕ್ಕಿಟ್ಟದ್ದೇನೂ ಇರುವುದಿಲ್ಲ, ಅಭ್ಯರ್ಥಿಗೆ ಕೆಲಸವೇ ಪಣ. ಆ ಆತಂಕಕ್ಕೆಂದೇ ಈ ಅರ್ಧಪಟ್ಟು. 105 ನಿಮಿಷವಾದರೆ "ಎರಡು ಗಂಟೆ" ಎಂದು ಧೈರ್ಯವಾಗಿ ಬರೆಯಬಹುದು.

150 ನಿಮಿಷ ಬಂತೆಂದರೆ "ಎರಡೂವರೆ ಗಂಟೆ" ಎಂದು ತಿದ್ದುವ ಮನಸ್ಸಾಗುತ್ತದೆ. ಹಾಗೆ ಮಾಡದೆ ಕೆಲಸವನ್ನು ಕತ್ತರಿಸಿ. ನಮ್ಮ ಉದಾಹರಣೆಯ ಮೊದಲ ಕರಡಿನಲ್ಲಿ ಮೂರು ಚಾರ್ಟುಗಳನ್ನೂ ಕೇಳಿದ್ದರೆ ಮೊದಲು ಹೋಗಬೇಕಾದದ್ದು ಅವೇ, ಏಕೆಂದರೆ ಚಾರ್ಟಿನ ಬಣ್ಣ, ಅಂಚು ಸರಿಮಾಡುವುದರಲ್ಲೇ ಗಂಟೆ ಕಳೆಯುತ್ತದೆ, ನಾವು ಅಳೆಯುವ ಗುಣಕ್ಕೆ ಅದರಿಂದ ಏನೂ ಸೇರುವುದಿಲ್ಲ.

ಸೂಚನೆಯಲ್ಲಿ ಎರಡು ಗಂಟೆ ಅಂತ ಹಾಕಿದ್ರೂ ಕೆಲವರು ಇಡೀ ವಾರಾಂತ್ಯ ಕೂತು ಮಾಡ್ತಾರೆ. ಪ್ರಾಮಾಣಿಕರಿಗೆ ಅನ್ಯಾಯ ಆಗಲ್ವಾ?

ಆಗುತ್ತದೆ, ಮತ್ತು ಇಡೀ ಪದ್ಧತಿಯ ದೊಡ್ಡ ಬಿರುಕು ಇದೇ. ಮಿತಿಯನ್ನು ಬರೀ ಮಾತಿನಲ್ಲಿ ಹೇಳಿದರೆ, ಬಿಡುವಿರುವವರು ತಿದ್ದಿ ತೀಡಿ ಕಳಿಸುತ್ತಾರೆ. ಹಗಲು ಕೆಲಸ, ರಾತ್ರಿ ಮಗುವಿನ ಆರೈಕೆ ಇರುವವರು ಎರಡು ಗಂಟೆಯಲ್ಲಿ ಮುಗಿಸಿ ಕಳಿಸುತ್ತಾರೆ. ನೀವು ಅಳೆದದ್ದು ಯಾರಿಗೆ ಬಿಡುವಿದೆ ಎಂಬುದನ್ನು.

ಇದಕ್ಕೆ ಎರಡು ದಾರಿ ಇವೆ. ಮೊದಲನೆಯದು ಉತ್ತರದ ಗಾತ್ರವನ್ನೇ ಕಟ್ಟಿಹಾಕುವುದು. 300 ಪದ, ಒಂದು ಶೀಟ್, ಚಾರ್ಟ್ ಬೇಡ. "ಇದಕ್ಕಿಂತ ಹೆಚ್ಚು ಕಳಿಸಿದರೆ ಹೆಚ್ಚಿನದನ್ನು ಓದುವುದಿಲ್ಲ" ಎಂದು ಬರೆದು, ನಿಜಕ್ಕೂ ಓದದಿರುವುದು. ಅಂದವಾದ ಡ್ಯಾಶ್‌ಬೋರ್ಡ್ ಬಂದಾಗ ಮನಸ್ಸು ಜಾರುತ್ತದೆ. ಅದಕ್ಕೆ ಒಂದು ಅಂಕ ಕೊಟ್ಟರೂ ಸೂಚನೆ ಪಾಲಿಸಿದವರಿಗೆ ನೀವು ಕೊಟ್ಟ ಮಾತು ಮುರಿದಂತೆ. ಎರಡನೆಯದು ಗಡಿಯಾರ. ಐದರಿಂದ ಏಳು ದಿನದ ಅವಧಿಯಲ್ಲಿ ಅಭ್ಯರ್ಥಿ ತನಗೆ ಒಗ್ಗುವ ಹೊತ್ತಿನಲ್ಲಿ ಲಿಂಕ್ ತೆರೆಯಲಿ, ತೆರೆದ ಎರಡೂವರೆ ಗಂಟೆಯೊಳಗೆ ಕಳಿಸಲಿ. ಹೆಚ್ಚಿನ ಅರ್ಧ ಗಂಟೆ ಕರೆಂಟು, ನೆಟ್‌ವರ್ಕ್, ಬಾಗಿಲು ಬಡಿದವರಿಗೆ.

ಗಡಿಯಾರ ಹೆಚ್ಚು ಸಮಾನ, ಆದರೆ ಎರಡು ಗಂಟೆ ಒಟ್ಟಿಗೆ ಸಿಗದವರಿಗೆ ಕಷ್ಟ. ಹುದ್ದೆಯ ಕೆಲಸದಲ್ಲಿ ಅವಸರದ ಗಡುವುಗಳಿಲ್ಲದಿದ್ದರೆ ಮೊದಲನೆಯ ದಾರಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಯಾರಾದ್ರೂ ಹೆಚ್ಚು ಸಮಯ ಕೇಳಿದ್ರೆ ಕೊಡಬೇಕಾ?

ಕೊಡಿ, ಕಾರಣ ಕೆದಕಬೇಡಿ. ದೃಷ್ಟಿದೋಷ, ಓದಿನ ತೊಂದರೆ, ಮನೆಯಲ್ಲಿ ಕಾಯಿಲೆಯವರು, ಏನೂ ಇರಬಹುದು. "ಹೆಚ್ಚು ಸಮಯ ಅಥವಾ ಬೇರೆ ರೂಪದ ಫೈಲ್ ಬೇಕಿದ್ದರೆ ತಿಳಿಸಿ, ಅದು ಅಂಕಕ್ಕೆ ಅಡ್ಡಿಯಲ್ಲ" ಎಂಬ ಸಾಲು ಎಲ್ಲರಿಗೂ ಹೋಗುವ ಸೂಚನೆಯಲ್ಲೇ ಇರಲಿ. ಇಲ್ಲದಿದ್ದರೆ ಕೇಳುವ ಧೈರ್ಯವಿದ್ದವರಿಗೆ ಮಾತ್ರ ಅದು ಸಿಗುತ್ತದೆ. ಯಾರು ಕೇಳಿದರು ಎಂಬುದು ಮೌಲ್ಯಮಾಪಕರಿಗೆ ತಿಳಿಯಬಾರದು.

ಹಣ ಕೊಡಬೇಕಾ?

ಎರಡು ಗಂಟೆ ಮೀರಿದರೆ ಕೊಡಿ, ಆ ಹುದ್ದೆಯ ಗಂಟೆಯ ಸಂಬಳದ ಲೆಕ್ಕದಲ್ಲಿ, ಆಯ್ಕೆಯಾದರೂ ಆಗದಿದ್ದರೂ.

## ಅಂಕ ಕೊಡುವುದು

ಓದಿದ ತಕ್ಷಣ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುತ್ತೆ. ಅಂಕದ ಪಟ್ಟಿ ಯಾಕೆ ಬೇಕು?

ಓದಿದ ತಕ್ಷಣ ಗೊತ್ತಾಗುವುದು ಬರಹದ ಸೊಗಸು. ನಮ್ಮ ಉದಾಹರಣೆಯಲ್ಲಿ ಉತ್ತರ ಶಾಖೆಯನ್ನು ಆತ್ಮವಿಶ್ವಾಸದಿಂದ ಬೊಟ್ಟುಮಾಡುವ ನಯವಾದ ಟಿಪ್ಪಣಿ, ದಕ್ಷಿಣವನ್ನು ತಡವರಿಸುತ್ತ ಹೇಳುವ ಟಿಪ್ಪಣಿಗಿಂತ ಚೆನ್ನಾಗಿ ಕಾಣುತ್ತದೆ, ಆದರೆ ಅದರ ಶಾಖೆಯೇ ತಪ್ಪು. ಒಂದು ಗುಣದ ಹೊಳಪು ಉಳಿದ ಗುಣಗಳ ಅಂಕಕ್ಕೂ ಹರಡುವ ಈ ದೋಷವನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿ "ಹೇಲೋ", ಅಂದರೆ ಪ್ರಭಾವಳಿ, ಎಂದು ಕರೆದಿದ್ದರು. ಪಟ್ಟಿ ಇದನ್ನು ಪೂರ್ತಿ ತಡೆಯುವುದಿಲ್ಲ. ಒಂದೊಂದು ಗುಣವನ್ನೂ ಬೇರೆಯಾಗಿ ನೋಡುವಂತೆ ಒತ್ತಾಯಿಸುತ್ತದೆ.

ಪಟ್ಟಿಯಲ್ಲಿ ಎಷ್ಟು ಅಂಶ ಇರಬೇಕು, ಒಂದೊಂದಕ್ಕೂ ಏನು ಬರೆಯಬೇಕು?

ನಾಲ್ಕು ಸಾಕು. ನಮ್ಮ ಉದಾಹರಣೆಯಲ್ಲಿ ಡೇಟಾ ಪರಿಶೀಲನೆ, ಲೆಕ್ಕ, ತೀರ್ಮಾನ, ಬರಹ. ತಲಾ 0ಯಿಂದ 4. ಮೊದಲ ಎರಡಕ್ಕೆ ಇಮ್ಮಡಿ ತೂಕ, ಒಟ್ಟು 24. ನಾಲ್ಕು ಅಂಕಗಳು ಇದೇ ಕ್ರಮದಲ್ಲಿ B2ಯಿಂದ E2ವರೆಗೆ ಇದ್ದರೆ ಸ್ಪ್ರೆಡ್‌ಶೀಟ್‌ನಲ್ಲಿ ಅದು ಇಷ್ಟೇ:

```
=2*B2+2*C2+D2+E2
```

"ಉತ್ತಮ, ಮಧ್ಯಮ, ಸಾಧಾರಣ" ಎಂದು ಬರೆದ ಪಟ್ಟಿ ಪಟ್ಟಿಯಲ್ಲ. ಒಬ್ಬರ ಉತ್ತಮ ಇನ್ನೊಬ್ಬರ ಮಧ್ಯಮ. ಪ್ರತಿ ಅಂಕದ ಎದುರು ಉತ್ತರಪತ್ರಿಕೆಯಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದು ಸಂಗತಿ ಇರಬೇಕು. ಡೇಟಾ ಪರಿಶೀಲನೆಗೆ ಹೀಗೆ ಬರೆಯಬಹುದು. ಟಿಪ್ಪಣಿಯಲ್ಲೂ ಶೀಟಿನಲ್ಲೂ ಪರಿಶೀಲನೆಯ ಸುಳಿವೇ ಇಲ್ಲದಿದ್ದರೆ 0. "ಡೇಟಾ ಪರಿಶೀಲಿಸಬೇಕು" ಎಂಬ ಸಾಮಾನ್ಯ ಎಚ್ಚರಿಕೆ ಮಾತ್ರ ಇದ್ದರೆ 1. ಆರ್ಡರ್ ಸಂಖ್ಯೆ ಮರುಕಳಿಸಿರುವುದನ್ನು ಹೇಳಿ, ಸಾಲುಗಳನ್ನು ತೆಗೆಯದೆ ಬಿಟ್ಟಿದ್ದರೆ 2. 18 ಸಾಲನ್ನೂ ತೆಗೆದು ಲೆಕ್ಕ ಮಾಡಿದ್ದರೆ 3. ತೆಗೆದು, ಎಷ್ಟು ತೆಗೆದೆ, ಏಕೆ ತೆಗೆದೆ ಎಂದು ಮ್ಯಾನೇಜರ್‌ಗೆ ತಿಳಿಸಿದ್ದರೆ 4.

ಈ ಪಟ್ಟಿ ಮೊದಲ ಅಭ್ಯರ್ಥಿಗೆ ಇಮೇಲ್ ಹೋಗುವ ಮೊದಲೇ ಮುಗಿದಿರಬೇಕು. ಉತ್ತರಗಳನ್ನು ನೋಡಿದ ಮೇಲೆ ಬರೆದರೆ, ನಿಮಗೆ ಇಷ್ಟವಾದವರು ಮಾಡಿದ್ದೇ ಪಟ್ಟಿಯಾಗಿಬಿಡುತ್ತದೆ. ಯಾವ ನಾಲ್ಕು ಅಂಶ, ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಅಭ್ಯರ್ಥಿಗೂ ತಿಳಿಸಿ. ಅಂಕದ ವಿವರ ಮಾತ್ರ ನಿಮ್ಮಲ್ಲಿರಲಿ.

ಡೂಪ್ಲಿಕೇಟ್ ನೋಡದೇ ಇದ್ದವರಿಗೆ ಲೆಕ್ಕವೂ ತಪ್ಪುತ್ತೆ, ತೀರ್ಮಾನವೂ ತಪ್ಪುತ್ತೆ. ಎಲ್ಲ ಕಡೆ ಅಂಕ ಕಳೀಬೇಕಾ?

ಬೇಡ. ಒಂದು ತಪ್ಪಿಗೆ ಒಂದೇ ಸಲ ಶಿಕ್ಷೆ. ಗಣಿತದ ಪರೀಕ್ಷೆಯಲ್ಲಿ ಮೊದಲ ಹಂತದಲ್ಲಿ ತಪ್ಪಿದ ವಿದ್ಯಾರ್ಥಿಗೆ ಮುಂದಿನ ಹಂತಗಳ ಅಂಕ ಕೊಡುವಂತೆ, ಲೆಕ್ಕವನ್ನು ಅವರು ಹಿಡಿದ ಸಾಲುಗಳ ಮೇಲೆಯೇ ನೋಡಿ. ತೀರ್ಮಾನವನ್ನು ಅವರಿಗೆ ಬಂದ ಅಂಕಿಗಳ ಮೇಲೆ ನೋಡಿ.

ಇಬ್ಬರನ್ನು ಹೋಲಿಸೋಣ. ಮೊದಲನೆಯವರು ಡೂಪ್ಲಿಕೇಟ್ ಗಮನಿಸಲಿಲ್ಲ, ಆದರೆ ನಾಲ್ಕೂ ಶಾಖೆಯ ಶೇಕಡಾವಾರು ಅವರ ಸಾಲುಗಳ ಪ್ರಕಾರ ಸರಿ, ತೀರ್ಮಾನ ಅಂಕಿಗಳಿಗೆ ಹೊಂದುತ್ತದೆ, ಬರಹ ತಿಳಿಯಾಗಿದೆ: 0, 4, 3, 4. ತೂಕ ಸೇರಿಸಿದರೆ 0 + 8 + 3 + 4 = 15. ಎರಡನೆಯವರು 18 ಸಾಲು ತೆಗೆದು ವಿವರಿಸಿದ್ದಾರೆ, ಒಂದು ಶಾಖೆಯ ಶೇಕಡಾವಾರು ಸ್ವಲ್ಪ ತಪ್ಪಿದೆ, ದಕ್ಷಿಣ ಎಂದು ಹೇಳಿ 24 ವಾಪಸು ಚಿಕ್ಕ ಸಂಖ್ಯೆ ಎಂಬುದನ್ನೂ ಸೂಚಿಸಿದ್ದಾರೆ, ಬರಹ ಮಾತ್ರ ಗೋಜಲು: 4, 3, 4, 1. ಒಟ್ಟು 8 + 6 + 4 + 1 = 19. ಎಲ್ಲ ಕಡೆಯೂ ಕಳೆದಿದ್ದರೆ ಮೊದಲನೆಯವರು ನಾಲ್ಕೈದಕ್ಕೆ ಇಳಿಯುತ್ತಿದ್ದರು; ಲೆಕ್ಕ, ಬರಹ ಎರಡೂ ಬಲ್ಲವರು ಏನೂ ಬಾರದವರ ಸಾಲಿಗೆ ಸೇರುತ್ತಿದ್ದರು. ಪರಿಶೀಲನೆ ಇಲ್ಲದೆ ಈ ಹುದ್ದೆ ನಡೆಯುವುದೇ ಇಲ್ಲ ಎನ್ನುವುದಾದರೆ "ಪರಿಶೀಲನೆಯಲ್ಲಿ ಕನಿಷ್ಠ 2" ಎಂಬ ಷರತ್ತನ್ನು ಮೊದಲೇ ಬೇರೆಯಾಗಿ ಇಡಿ.

ಹೆಸರು ಮರೆಮಾಡಿದರೆ ಸಾಕಾ?

ಟಿಪ್ಪಣಿಯ ಮೇಲಿನ ಹೆಸರು ಅಳಿಸಿದರೂ ಫೈಲ್‌ನ ಹೆಸರಿನಲ್ಲಿ, ಫೈಲ್ ಪ್ರಾಪರ್ಟೀಸ್‌ನ ಲೇಖಕರ ಜಾಗದಲ್ಲಿ, ಕಾಮೆಂಟುಗಳ ಪಕ್ಕದಲ್ಲಿ ಅದು ಉಳಿದಿರುತ್ತದೆ. ಅಂಕ ಕೊಡದ ಒಬ್ಬರು ಇವನ್ನೆಲ್ಲ ತೆಗೆದು, A01, A02 ಎಂದು ಸಂಖ್ಯೆ ಕೊಟ್ಟು ಮೌಲ್ಯಮಾಪಕರಿಗೆ ಹಂಚಲಿ. ಸಲ್ಲಿಸಿದ ದಿನ, ಹೊತ್ತು ಕಾಣಬಾರದು. "ಮೊದಲ ದಿನವೇ ಕಳಿಸಿದ್ದಾರೆ, ಉತ್ಸಾಹ ಇದೆ" ಎಂಬ ಮಾತು ಅಲ್ಲಿಂದಲೇ ಹುಟ್ಟುವುದು.

ಓದುವ ಕ್ರಮವೂ ಮುಖ್ಯ. ಒಬ್ಬರ ಇಡೀ ಉತ್ತರ ಮುಗಿಸಿ ಇನ್ನೊಬ್ಬರದಕ್ಕೆ ಹೋಗಬೇಡಿ. ಮೊದಲು ಎಲ್ಲರ ಡೇಟಾ ಪರಿಶೀಲನೆಗೆ ಅಂಕ ಕೊಡಿ, ಆಮೇಲೆ ಎಲ್ಲರ ಲೆಕ್ಕಕ್ಕೆ, ಹೀಗೆ. ಬರಹವನ್ನು ಕೊನೆಗಿಡಿ. ಪ್ರತಿ ಸುತ್ತಿಗೂ ಓದುವ ಸರದಿ ಬದಲಿಸಿ. ತುಂಬ ಒಳ್ಳೆಯ ಉತ್ತರದ ಹಿಂದೆಯೇ ಬಂದ ಉತ್ತರ ಇರುವುದಕ್ಕಿಂತ ಕಳಪೆಯಾಗಿ ಕಾಣುತ್ತದೆ.

ಇಬ್ಬರು ಮೌಲ್ಯಮಾಪಕರ ಅಂಕ ಹೊಂದದಿದ್ರೆ ಸರಾಸರಿ ತೆಗೆದುಬಿಡೋದಾ?

ಒಂದು ಅಂಕದ ವ್ಯತ್ಯಾಸವಾದರೆ ಸರಾಸರಿ ಸರಿ. ಎರಡು ಅಥವಾ ಹೆಚ್ಚಾದರೆ ಮಾತಾಡಬೇಕು, ಏಕೆಂದರೆ 1 ಮತ್ತು 4ರ ಸರಾಸರಿಯಾದ 2.5 ಇಬ್ಬರೂ ಕಾಣದ ಉತ್ತರಕ್ಕೆ ಕೊಟ್ಟ ಅಂಕ. ಇಬ್ಬರೂ ಬೇರೆ ಬೇರೆ ಕೂತು ಅಂಕ ಬರೆದಿಟ್ಟ ಮೇಲೆಯೇ ಮಾತು ಶುರುವಾಗಬೇಕು. ಮೊದಲು ಬರೆದ ಅಂಕವನ್ನು ಅಳಿಸಬಾರದು. ಮಾತಿನಲ್ಲಿ "ನನಗೆ ಹೀಗನ್ನಿಸಿತು" ಎಂಬುದಕ್ಕೆ ಜಾಗವಿಲ್ಲ. ಉತ್ತರದ ಯಾವ ಸಾಲು, ಪಟ್ಟಿಯ ಯಾವ ಸಾಲು ಎಂದು ತೋರಿಸಬೇಕು.

ಹೀಗೆ ಮಾಡಿದರೆ ಜಗಳದ ಮೂಲ ಹೆಚ್ಚಾಗಿ ಪಟ್ಟಿಯ ವಾಕ್ಯದಲ್ಲೇ ಸಿಗುತ್ತದೆ. ಬರಹಕ್ಕೆ "ಸ್ಪಷ್ಟವಾಗಿದೆ" ಎಂದಷ್ಟೇ ಬರೆದಿದ್ದರೆ ಒಬ್ಬರು ವ್ಯಾಕರಣ ನೋಡಿರುತ್ತಾರೆ, ಇನ್ನೊಬ್ಬರು ತೀರ್ಮಾನ ಮೊದಲ ಎರಡು ವಾಕ್ಯದಲ್ಲಿ ಬಂದಿದೆಯೇ ಎಂದು ನೋಡಿರುತ್ತಾರೆ. ನಮಗೆ ಬೇಕಾದದ್ದು ಎರಡನೆಯದು, ಹಾಗೆಂದು ತಿದ್ದಿ. ತಿದ್ದಿದ ಮೇಲೆ ಆ ಅಂಶಕ್ಕೆ ಎಲ್ಲರ ಉತ್ತರವನ್ನೂ ಮತ್ತೆ ನೋಡಬೇಕು, ಜಗಳವಾದ ಒಂದನ್ನು ಮಾತ್ರ ಅಲ್ಲ.

ಇದನ್ನು ಮುಂಚೆಯೇ ತಪ್ಪಿಸಲು ಸುಲಭ ದಾರಿ ಇದೆ. ಸಮಯ ಅಳೆಯಲು ಬರೆಸಿದ ಆ ಮೂರು ಉತ್ತರಗಳಿಗೆ ಇಬ್ಬರೂ ಮೊದಲು ಅಂಕ ಕೊಟ್ಟು ಹೋಲಿಸಿಕೊಳ್ಳಲಿ.

## ಅನುಭವಿಗಳ ಪ್ರಶ್ನೆಗಳು

ಬೇರೆಯವರಿಂದ ಮಾಡಿಸಿ ಕಳಿಸಿದ್ರೆ ಹೇಗೆ ಗೊತ್ತಾಗುತ್ತೆ?

ಉತ್ತರಪತ್ರಿಕೆ ನೋಡಿ ಪತ್ತೆ ಹಚ್ಚಲು ಹೊರಟರೆ ಪ್ರಾಮಾಣಿಕರ ಮೇಲೂ ಅನುಮಾನ ಬರುತ್ತದೆ. ಮುಂದಿನ ಸುತ್ತಿಗೆ ಬಂದ ಎಲ್ಲರೊಂದಿಗೂ, ಅನುಮಾನ ಇರಲಿ ಬಿಡಲಿ, 20 ನಿಮಿಷ ಅವರದೇ ಶೀಟ್ ತೆರೆದಿಟ್ಟುಕೊಂಡು ಮಾತಾಡಿ. ಎಲ್ಲರಿಗೂ ಅವೇ ಎರಡು ಪ್ರಶ್ನೆ. ಈ ಶೇಕಡಾವಾರು ಯಾವ ಸಾಲುಗಳಿಂದ ಬಂತು, ತೋರಿಸಿ. ಮರುಕಳಿಸಿದ ಆ 18 ಸಾಲು ತಪ್ಪಲ್ಲ, ಒಂದೇ ಆರ್ಡರ್‌ನಿಂದ ಒಂದಕ್ಕಿಂತ ಹೆಚ್ಚು ವಸ್ತು ವಾಪಸ್ ಬಂದಿದ್ದವು ಎಂದುಕೊಳ್ಳಿ, ಆಗ ನಿಮ್ಮ ಟಿಪ್ಪಣಿ ಹೇಗೆ ಬದಲಾಗುತ್ತದೆ? ಸ್ವತಃ ಮಾಡಿದವರು ಎರಡನೆಯದಕ್ಕೆ ತುಸು ಯೋಚಿಸಿ, ಆಗ ವಸ್ತುಗಳನ್ನು ಎಣಿಸಬೇಕೋ ಆರ್ಡರ್‌ಗಳನ್ನೋ ಎಂಬ ಮರುಪ್ರಶ್ನೆಗೆ ಬರುತ್ತಾರೆ. ಮಾಡದವರಿಗೆ ಮೊದಲನೆಯದೇ ತೊಡಕಾಗುತ್ತದೆ.

ಪ್ರಶ್ನೆ ಹೊರಗೆ ಸೋರಿಹೋದ್ರೆ?

ಅದೇ ಚೌಕಟ್ಟಿನಲ್ಲಿ ಎರಡನೇ ಫೈಲ್ ಸಿದ್ಧವಿಟ್ಟುಕೊಳ್ಳಿ: ಡೂಪ್ಲಿಕೇಟ್ ಪೂರ್ವಕ್ಕೆ ಹೋಗಲಿ, ನಿಜವಾದ ತೊಂದರೆ ಪಶ್ಚಿಮಕ್ಕೆ, ಕಾರಣ ತಡವಾದ ಡೆಲಿವರಿ ಆಗಲಿ. ಆದರೆ ಒಂದೇ ಹುದ್ದೆಯ ಅಭ್ಯರ್ಥಿಗಳಿಗೆ ಎರಡೂ ಫೈಲ್ ಹಂಚಬೇಡಿ. ಕಷ್ಟ ಸಮಾನವಾಗಿದೆ ಎಂದು ನೀವು ಅಂದುಕೊಂಡಿರಬಹುದು, ಅಳೆದಿಲ್ಲ. ಮುಂದಿನ ನೇಮಕಾತಿಗೆ ಬದಲಿಸಿ, ಬದಲಿಸಿದಾಗ ಸಮಯವನ್ನೂ ಮತ್ತೆ ಅಳೆಯಿರಿ.

ಈ ಅಂಕದ ಮೇಲೇ ಆಯ್ಕೆ ಮಾಡಿಬಿಡಬಹುದಾ? ಕೆಲಸದ ಮಾದರಿಯೇ ಎಲ್ಲಕ್ಕಿಂತ ಒಳ್ಳೆ ಪರೀಕ್ಷೆ ಅಂತ ಓದಿದ್ದೆ.

ಆ ಮಾತಿನ ಮೂಲ 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಶ್ಮಿಟ್ ಮತ್ತು ಹಂಟರ್ ಪ್ರಕಟಿಸಿದ ಅಧ್ಯಯನ. ಅದರಲ್ಲಿ ಕೆಲಸದ ಮಾದರಿಯ, ಅಂದರೆ ಹುದ್ದೆಯ ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವ ಪರೀಕ್ಷೆಯ, ಅಂಕಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ಸಂಬಂಧ 0.54 ಎಂದಿತ್ತು. 0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ತಿ ಸಂಬಂಧ. 2005ರಲ್ಲಿ ರಾತ್ ಮತ್ತು ಸಂಗಡಿಗರ ಮರುಪರಿಶೀಲನೆಯಲ್ಲಿ ಅದು 0.33ಕ್ಕೆ ಇಳಿಯಿತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಎಲ್ಲ ವಿಧಾನಗಳನ್ನೂ ಒಟ್ಟಿಗೆ ನೋಡಿದಾಗಲೂ ಕೆಲಸದ ಮಾದರಿಗೆ 0.33, ಎಲ್ಲರಿಗೂ ಅವೇ ಪ್ರಶ್ನೆ ಕೇಳಿ ಅಂಕ ಕೊಡುವ ಕ್ರಮಬದ್ಧ ಸಂದರ್ಶನಕ್ಕೆ 0.42 ಬಂತು. ಉಪಯುಕ್ತ ಹೌದು, ಏಕೈಕ ಆಧಾರವಾಗುವಷ್ಟಲ್ಲ. 19 ಬಂದವರಿಗೂ 18 ಬಂದವರಿಗೂ ವ್ಯತ್ಯಾಸವಿದೆ ಎಂದು ನಂಬಬೇಡಿ. ಅಷ್ಟು ಅಂತರ ಮೌಲ್ಯಮಾಪಕರು ಬದಲಾದರೂ ಬರುತ್ತದೆ.

ನಮ್ಮ ಅಸೈನ್‌ಮೆಂಟ್ ನಿಜಕ್ಕೂ ಕೆಲಸ ಮಾಡ್ತಿದೆಯಾ ಅಂತ ತಿಳಿಯೋದು ಹೇಗೆ?

ಮೊದಲು ಅಂಕಗಳ ಹರವು ನೋಡಿ. ಎರಡು ಮೂರು ನೇಮಕಾತಿ ಕಳೆದ ಮೇಲೆ, ಲೆಕ್ಕಕ್ಕೆ ಬಹುತೇಕ ಎಲ್ಲರಿಗೂ 4 ಬಂದಿದ್ದರೆ ಆ ಅಂಶ ಯಾರನ್ನೂ ಬೇರ್ಪಡಿಸುತ್ತಿಲ್ಲ. ಅದಕ್ಕೆ ಕೊಟ್ಟ ಇಮ್ಮಡಿ ತೂಕ ವ್ಯರ್ಥ. ಪರಿಶೀಲನೆಗೆ ಎಲ್ಲರಿಗೂ 0 ಬಂದಿದ್ದರೆ ಅಭ್ಯರ್ಥಿಗಳನ್ನು ದೂರುವ ಮೊದಲು ಸೂಚನೆ ಓದಿ: "ಒಂದು ಸಾಲು ಎಂದರೆ ಒಂದು ಆರ್ಡರ್" ಎಂಬ ವಾಕ್ಯ ಕೈಬಿಟ್ಟಿರಬಹುದು.

ಎಷ್ಟು ಜನ ಅಸೈನ್‌ಮೆಂಟ್ ತೆಗೆದುಕೊಂಡು ಕಳಿಸಲೇ ಇಲ್ಲ ಎಂಬುದನ್ನೂ ಬರೆದಿಡಿ. ಆರರಲ್ಲಿ ಮೂವರು ಸುಮ್ಮನಾದರೆ, ಎಷ್ಟು ಹೊತ್ತು ಹಿಡಿಯಿತು ಎಂದು ಕಳಿಸಿದ ಮೂವರನ್ನು ಕೇಳಿ. ಆದರೆ ಅಂಕ ಕೊಟ್ಟು, ಫಲಿತಾಂಶ ತಿಳಿಸಿದ ಮೇಲೆ. ಮುಂಚೆಯೇ ಕೇಳಿದರೆ ಎಲ್ಲರೂ "ಎರಡು ಗಂಟೆ" ಎನ್ನುತ್ತಾರೆ.

ಆಯ್ಕೆ ಆಗದವರಿಗೆ ಏನು ಹೇಳಬೇಕು?

ಎರಡು ಗಂಟೆ ಕೊಟ್ಟವರಿಗೆ "ವಿಷಾದಿಸುತ್ತೇವೆ" ಎಂಬ ಒಂದೇ ಸಾಲು ಕಳಿಸುವುದು ಸಲ್ಲದು. ನಾಲ್ಕು ಅಂಶಗಳಲ್ಲಿ ಹೆಚ್ಚು ಬಂದದ್ದೊಂದು, ಕಡಿಮೆ ಬಂದದ್ದೊಂದು ಆಯ್ದು, ಅವರ ಉತ್ತರದಿಂದಲೇ ಉದಾಹರಣೆ ಕೊಟ್ಟು ಮೂರು ನಾಲ್ಕು ವಾಕ್ಯ ಬರೆಯಿರಿ: "ಶೇಕಡಾವಾರು ಲೆಕ್ಕ ನಾಲ್ಕೂ ಶಾಖೆಗೆ ಸರಿಯಾಗಿತ್ತು. ಉತ್ತರ ಶಾಖೆಯ 18 ಸಾಲುಗಳು ಮರುಕಳಿಸಿದ ದಾಖಲೆಗಳಾಗಿದ್ದವು. ಅದು ತೀರ್ಮಾನವನ್ನೇ ಬದಲಿಸುತ್ತಿತ್ತು." ಹೀಗೆ ಬರೆದರೆ ಆ ಫೈಲನ್ನು ಮತ್ತೆ ಬಳಸಲಾಗದು ಎಂಬ ಚಿಂತೆ ಸಹಜ. ಎರಡನೇ ಫೈಲ್ ಸಿದ್ಧವಿಡಿ ಎಂದದ್ದು ಅದಕ್ಕೂ ಸೇರಿಯೇ.